ಹತ್ತು ಕಿಲೋ ಹಸಿ ಒಣಗಿದರೆ ಎಷ್ಟು? ಮೆಣಸಿನಕಾಯಿ, ಮೆಂತ್ಯ ಸೊಪ್ಪು, ಮಾವಿನ ಹೋಳಿನ ತೂಕದ ಲೆಕ್ಕ

ಹತ್ತು ಕಿಲೋ ಹಣ್ಣು ಮೆಣಸಿನಕಾಯಿ ಒಣಗಿಸಿದರೆ ಎಷ್ಟು ಉಳಿಯುತ್ತದೆ ಎಂದು ಕೇಳಿ ನೋಡಿ. ಒಬ್ಬರು ಎರಡೂಕಾಲು ಕಿಲೋ ಎನ್ನುತ್ತಾರೆ, ಇನ್ನೊಬ್ಬರು ಮೂರೂವರೆ ಎಂದು ಆಣೆ ಮಾಡುತ್ತಾರೆ. ವಿಚಿತ್ರವೆಂದರೆ ಇಬ್ಬರೂ ಹೇಳುವುದು ಸರಿಯೇ ಇರಬಹುದು. ಅವರು ಕೊಂಡ ಕಾಯಿ ಬೇರೆ ಬೇರೆ, ಅಷ್ಟೇ. ಒಬ್ಬರದು ಗಿಡದಿಂದ ಆಗಷ್ಟೇ ಕಿತ್ತ, ಹಿಚುಕಿದರೆ ನೀರೊಡೆಯುವ ಕಾಯಿ. ಇನ್ನೊಬ್ಬರದು ಗಿಡದಲ್ಲೇ ಒಂದಷ್ಟು ಬಾಡಿ ಸುಕ್ಕುಬಿದ್ದದ್ದು.

ಒಣಗಿಸುವಾಗ ಕಾಯಿಯಿಂದ ಹೋಗುವುದು ನೀರು. ಸಿಪ್ಪೆ, ಬೀಜ, ನಾರು, ಖಾರ, ಬಣ್ಣ ಎಲ್ಲ ಹಾಗೇ ಉಳಿಯುತ್ತವೆ. ಹೀಗೆ ಉಳಿಯುವ ಭಾಗವನ್ನು ಒಣಪದಾರ್ಥ ಎಂದು ಕರೆಯೋಣ. ಅಂಗಡಿಯಲ್ಲಿ ತೂಗಿದಾಗ ಎಷ್ಟಿತ್ತೋ, ಡಬ್ಬಕ್ಕೆ ತುಂಬುವಾಗಲೂ ಅಷ್ಟೇ ಇರುತ್ತದೆ. ಹಾಗಾಗಿ ‘ಎಷ್ಟು ಕಡಿಮೆಯಾಗುತ್ತದೆ’ ಎನ್ನುವ ಪ್ರಶ್ನೆಯನ್ನು ಬಿಟ್ಟು ‘ಇದರಲ್ಲಿ ಒಣಪದಾರ್ಥ ಎಷ್ಟಿದೆ’ ಎಂದು ಕೇಳಿಕೊಂಡರೆ ಲೆಕ್ಕ ಸಲೀಸಾಗುತ್ತದೆ.

ಮೆಣಸಿನಕಾಯಿಯನ್ನೇ ತೆಗೆದುಕೊಳ್ಳೋಣ. ಕೀಳುವ ಹಂತದಲ್ಲಿ ಹಣ್ಣು ಮೆಣಸಿನಕಾಯಿಯಲ್ಲಿ ನೀರು ಸಾಮಾನ್ಯವಾಗಿ ಶೇ. 65ರಿಂದ 80ರವರೆಗೆ ಇರುತ್ತದೆ. ಒಣಗಿಸಿ ಇಡಬೇಕಾದದ್ದು ಶೇ. 10ರ ಆಸುಪಾಸಿಗೆ. ನಮ್ಮ ಹತ್ತು ಕಿಲೋದಲ್ಲಿ ನೀರು ಶೇ. 75 ಎಂದುಕೊಂಡರೆ ಒಣಪದಾರ್ಥ ಎರಡೂವರೆ ಕಿಲೋ. ಆದರೆ ಒಣಗಿದ ಕಾಯಿಯಲ್ಲೂ ನೂರಕ್ಕೆ ಹತ್ತು ಪಾಲು ನೀರು ಇದ್ದೇ ಇರುತ್ತದೆ, ಅಂದರೆ ಈ ಎರಡೂವರೆ ಕಿಲೋ ಒಣ ತೂಕದ ನೂರಕ್ಕೆ ತೊಂಬತ್ತು ಪಾಲು ಮಾತ್ರ. 2.5ನ್ನು 0.9ರಿಂದ ಭಾಗಿಸಿದರೆ 2.78 ಕಿಲೋ. ಇದನ್ನೇ ಒಂದು ಸಾಲಿನಲ್ಲಿ ಬರೆದರೆ:

ಒಣ ತೂಕ = ಹಸಿ ತೂಕ × (100 − ಹಸಿಯಲ್ಲಿನ ನೀರು ಶೇ.) ÷ (100 − ಒಣಗಿದ ಮೇಲಿನ ನೀರು ಶೇ.)

ಸೊಪ್ಪಿಗೂ ಮಾವಿಗೂ ಇದೇ ಸೂತ್ರ. ಬದಲಾಗುವುದು ಒಳಗಿನ ಎರಡು ಅಂಕಿಗಳು ಮಾತ್ರ.

ಇದರಲ್ಲಿ ಕಣ್ಣು ತಪ್ಪುವ ಜಾಗವೊಂದಿದೆ. ನೀರು ಶೇ. 80 ಇದ್ದರೇನು, 70 ಇದ್ದರೇನು, ಹತ್ತರ ವ್ಯತ್ಯಾಸ ತಾನೇ ಅನ್ನಿಸುತ್ತದೆ. ಆದರೆ ನಮಗೆ ಬೇಕಾದದ್ದು ನೀರಲ್ಲ, ಉಳಿಯುವ ಭಾಗ. ಅದು ಒಂದರಲ್ಲಿ ನೂರಕ್ಕೆ 20, ಇನ್ನೊಂದರಲ್ಲಿ 30. ಅಂದರೆ ಎರಡನೆಯದರಿಂದ ಒಂದೂವರೆ ಪಟ್ಟು ಒಣಕಾಯಿ ಬರುತ್ತದೆ. ಹತ್ತು ಕಿಲೋಗೆ ಮೊದಲನೆಯದು 2.2 ಕಿಲೋ ಕೊಟ್ಟರೆ ಎರಡನೆಯದು 3.3 ಕಿಲೋ ಕೊಡುತ್ತದೆ. ಹಣದ ಲೆಕ್ಕದಲ್ಲಿ ನೋಡಿ: ನಳನಳಿಸುವ ಕಾಯಿ ಕಿಲೋಗೆ 60 ರೂಪಾಯಿ, ಪಕ್ಕದಲ್ಲಿ ಬಾಡಿದ್ದು 75 ರೂಪಾಯಿ ಇದ್ದರೆ ಕೈ ಮೊದಲನೆಯದರ ಕಡೆಗೇ ಹೋಗುತ್ತದೆ. ಒಣಗಿದ ಮೇಲೆ ಅದು ಕಿಲೋಗೆ 270 ರೂಪಾಯಿ ಬಿದ್ದಿರುತ್ತದೆ, ಬಾಡಿದ್ದು 225. ಅಡುಗೆಗೆ ತಾಜಾ ಕಾಯಿ ಚೆಂದ, ಒಣಗಿಸುವುದಕ್ಕೆ ಸುಕ್ಕುಬಿದ್ದದ್ದೇ ಲಾಭ. ಸುಕ್ಕಿನ ಹೆಸರಿನಲ್ಲಿ ಕೊಳೆತದ್ದನ್ನು ಕಟ್ಟಿ ಕೊಡದಂತೆ ಮಾತ್ರ ನೋಡಿಕೊಳ್ಳಬೇಕು.

ಈಗ ಹಿಂದಿನಿಂದ ಮುಂದಕ್ಕೆ ಬರೋಣ, ಏಕೆಂದರೆ ಮನೆಯಲ್ಲಿ ಯಾರೂ ‘ನನ್ನ ಬಳಿ ಹತ್ತು ಕಿಲೋ ಕಾಯಿ ಇದೆ’ ಎಂದು ಶುರು ಮಾಡುವುದಿಲ್ಲ. ‘ವರ್ಷಕ್ಕೆ ಐದು ಕಿಲೋ ಖಾರದ ಪುಡಿ ಬೇಕು’ ಎಂದು ಶುರು ಮಾಡುತ್ತಾರೆ. ಪುಡಿ ಮಾಡಿಸುವ ಮುಂಚೆ ತೊಟ್ಟು ತೆಗೆಯುತ್ತೀರಿ. ಅದು ಒಣ ತೂಕದಲ್ಲಿ ನೂರಕ್ಕೆ ಸುಮಾರು ಐದು ಎಂದಿಟ್ಟುಕೊಂಡರೆ ತೊಟ್ಟಿನ ಸಮೇತ ಬೇಕಾದ ಒಣಕಾಯಿ 5.26 ಕಿಲೋ. ಇದನ್ನು 0.9ರಿಂದ ಗುಣಿಸಿದರೆ ಅದರಲ್ಲಿರುವ ಒಣಪದಾರ್ಥ ಸಿಗುತ್ತದೆ, 4.73 ಕಿಲೋ. ಹಸಿಕಾಯಿಯಲ್ಲಿ ನೀರು ಶೇ. 75 ಇದ್ದರೆ ಈ 4.73 ಕಿಲೋ ಅದರ ಕಾಲು ಭಾಗ, ಹಾಗಾಗಿ ಕೊಳ್ಳಬೇಕಾದದ್ದು 18.9 ಕಿಲೋ. ಆರಿಸುವಾಗ ಕೊಳೆತದ್ದು, ಹುಳುಕು, ಒಣಗುವಾಗ ಬಿಳಿಚಿಕೊಂಡದ್ದು ಎಂದು ಒಂದು ಕಿಲೋ ಬಿಟ್ಟರೆ ಇಪ್ಪತ್ತು ಕಿಲೋ. ಕಾಯಿ ಗಿಡದಲ್ಲೇ ಬಾಡಿ ಶೇ. 70ಕ್ಕೆ ಇಳಿದಿದ್ದರೆ ಹದಿನಾರು ಕಿಲೋ ಸುತ್ತಮುತ್ತ ಸಾಕಾಗುತ್ತಿತ್ತು, ಶೇ. 80 ಇದ್ದಿದ್ದರೆ ಇಪ್ಪತ್ನಾಲ್ಕು ಹತ್ತಿರ ಬೇಕಾಗುತ್ತಿತ್ತು.

ಹಾಗಾದರೆ ನನ್ನ ಮುಂದಿರುವ ಕಾಯಿಯಲ್ಲಿ ನೀರೆಷ್ಟು ಎಂದು ತಿಳಿಯುವುದು ಹೇಗೆ? ಪ್ರಯೋಗಾಲಯದಲ್ಲಿ ಒಲೆಯಲ್ಲಿಟ್ಟು ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿಸುತ್ತಾರೆ. ಮನೆಯಲ್ಲಿ ಅಷ್ಟು ಬೇಕಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು. ಒಂದೊಂದಾಗಿ ಆರಿಸದೆ, ರಾಶಿಯ ಬೇರೆ ಬೇರೆ ಕಡೆಯಿಂದ ಕೈಗೆ ಬಂದದ್ದನ್ನು ತೆಗೆದುಕೊಂಡು ನೂರು ಗ್ರಾಂ ತೂಗಿ. ಸಣ್ಣಗೆ ಕತ್ತರಿಸಿ, ಬೀಜ ಬಿಡದೆ, ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗಿಡಿ. ಇಡೀ ಕಾಯಿಗಿಂತ ಕತ್ತರಿಸಿದ್ದು ಬಲುಬೇಗ ಒಣಗುತ್ತದೆ. ಬೆರಳಲ್ಲಿ ಮುರಿದರೆ ಪಟಕ್ಕೆನ್ನುವ ಹೊತ್ತಿಗೆ 27 ಗ್ರಾಂ ಉಳಿಯಿತು ಎನ್ನಿ. ಅಷ್ಟು ಗರಿಗರಿಯಾದದ್ದರಲ್ಲೂ ನೂರಕ್ಕೆ ಎಂಟರಷ್ಟು ನೀರು ಇರುತ್ತದೆ ಎಂದು ಕಳೆದರೆ ಒಣಪದಾರ್ಥ 25 ಗ್ರಾಂಗೆ ಬಂದು ನಿಲ್ಲುತ್ತದೆ; ಅಂದರೆ ಹಸಿಯಲ್ಲಿ ನೀರು ಶೇ. 75. ದೊಡ್ಡ ಖರೀದಿಗೆ ಮುಂಚೆ ಕಾಲು ಕಿಲೋ ತಂದು ಹೀಗೆ ನೋಡುವುದು ಒಳ್ಳೆಯದು.

ಇದಿಷ್ಟು ಕೊಳ್ಳುವ ಲೆಕ್ಕ. ಇದೇ ತೂಕ ಇನ್ನೊಂದು ಕೆಲಸಕ್ಕೂ ಬರುತ್ತದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಮುಖ್ಯ: ಒಣಗಿತೋ ಇಲ್ಲವೋ ಎಂದು ತಿಳಿಯುವುದು. ‘ಎಂಟು ದಿನ ಬಿಸಿಲಿಗೆ ಹಾಕಿ’ ಎನ್ನುವ ಮಾತಿಗೆ ಅರ್ಥವಿಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಬ್ಯಾಡಗಿ ಕಡೆಯ ಕಣದಲ್ಲಿನ ಎಂಟು ದಿನವೂ, ಮೇ ತಿಂಗಳಲ್ಲಿ ಮಂಗಳೂರಿನ ತಾರಸಿಯ ಮೇಲಿನ ಎಂಟು ದಿನವೂ ಒಂದೇ ಅಲ್ಲ. ತೂಕ ಮಾತ್ರ ಎರಡೂ ಕಡೆ ಒಂದೇ ಮಾತು ಹೇಳುತ್ತದೆ.

ಅದೇ ಹತ್ತು ಕಿಲೋ ರಾಶಿಯ ಜೊತೆ ಹೋಗೋಣ. ತೂಕ ಐದು ಕಿಲೋಗೆ ಇಳಿದಾಗ ಅರ್ಧ ಕೆಲಸ ಮುಗಿಯಿತು ಅನ್ನಿಸುತ್ತದೆ. ಆದರೆ ಒಳಗಿರುವ ಒಣಪದಾರ್ಥ ಎರಡೂವರೆ ಕಿಲೋ ಆದ್ದರಿಂದ ಉಳಿದ ಎರಡೂವರೆ ಕಿಲೋ ಪೂರಾ ನೀರೇ, ಅಂದರೆ ಇನ್ನೂ ಶೇ. 50. ನಾಲ್ಕು ಕಿಲೋಗೆ ಇಳಿದಾಗ ಶೇ. 37.5. ಮೂರು ಕಿಲೋ ಆದಾಗ ಕಾಯಿ ನೋಡಲು ಒಣಗಿದಂತೆಯೇ ಇರುತ್ತದೆ, ಬಣ್ಣ ಗಾಢವಾಗಿರುತ್ತದೆ, ಎಷ್ಟೋ ಮನೆಗಳಲ್ಲಿ ಈ ಹಂತದಲ್ಲೇ ಡಬ್ಬಕ್ಕೆ ಹೋಗುತ್ತದೆ. ಲೆಕ್ಕ ಹಾಕಿದರೆ ಅದರಲ್ಲಿ ಇನ್ನೂ ಅರ್ಧ ಕಿಲೋ ನೀರಿದೆ, ಶೇ. 16.7. ಬೂಷ್ಟು ಹಿಡಿಯುವುದಕ್ಕೆ ಅಷ್ಟು ಸಾಕು. ಮೂರು ಕಿಲೋದಿಂದ 2.78ಕ್ಕೆ ಇಳಿಯುವ ಕೊನೆಯ 220 ಗ್ರಾಂ, ಒಟ್ಟು ಹೋಗಬೇಕಾದ ಏಳು ಕಿಲೋ ಚಿಲ್ಲರೆ ನೀರಿನ ಮುಂದೆ ಏನೂ ಅಲ್ಲ. ಆದರೂ ಮೊದಲಿನ ಕೆಲವು ಕಿಲೋ ಬೇಗ ಹಾರಿಹೋದಂತೆ ಇದು ಹೋಗುವುದಿಲ್ಲ. ಮೇಲ್ಮೈಯ ನೀರು ಮೊದಲು ಹೋಗಿಬಿಟ್ಟು, ಇದು ಸಿಪ್ಪೆಯ ಒಳಗಿನಿಂದ, ಬೀಜದ ಗೊಂಚಲಿನಿಂದ ಹೊರಬರಬೇಕಾದ ನೀರು.

ಇಡೀ ರಾಶಿಯನ್ನು ದಿನಾ ತೂಗಲು ಆಗದು. ಅದಕ್ಕೆ ಈರುಳ್ಳಿ ಬರುವ ಬಲೆಚೀಲದಲ್ಲಿ ಮೊದಲ ದಿನವೇ ಸರಿಯಾಗಿ ಒಂದು ಕಿಲೋ ಹಸಿಕಾಯಿ ಹಾಕಿ, ರಾಶಿಯ ನಡುವೆ ಉಳಿದದ್ದರಷ್ಟೇ ತೆಳ್ಳಗೆ ಹರಡಿ ಇಡಬೇಕು. ಉಳಿದದ್ದನ್ನು ತಿರುವಿದಾಗ ಇದನ್ನೂ ತಿರುವಬೇಕು, ರಾತ್ರಿ ತಾಡಪಾಲು ಹೊದಿಸುವಾಗ ಇದೂ ಒಳಗಿರಬೇಕು. ನಮ್ಮ ಲೆಕ್ಕದಲ್ಲಿ ಈ ಚೀಲ 278 ಗ್ರಾಂಗೆ, ಜೊತೆಗೆ ಚೀಲದ ತೂಕಕ್ಕೆ ಬಂದು ನಿಂತ ದಿನ ರಾಶಿಯೂ ಆಯಿತು ಎಂದರ್ಥ. ತೂಗುವುದು ಯಾವಾಗಲೂ ಸಂಜೆ, ಎತ್ತಿಡುವ ಮುಂಚೆ. ಬೆಳಿಗ್ಗೆ ತೂಗಿದರೆ ರಾತ್ರಿಯ ಇಬ್ಬನಿಯಲ್ಲಿ ಕಾಯಿ ಕುಡಿದ ನೀರೂ ಸೇರಿ, ನಿನ್ನೆಗಿಂತ ಜಾಸ್ತಿ ತೋರಿಸಿ ತಲೆ ಕೆಡಿಸುತ್ತದೆ.

ಕೆಲವೊಮ್ಮೆ ಚೀಲ 300 ಗ್ರಾಂಗೆ ಬಂದು ಅಲ್ಲೇ ಕೂತುಬಿಡುತ್ತದೆ. ಮೂರು ಸಂಜೆ ತೂಗಿದರೂ ಅಲುಗಾಡುವುದಿಲ್ಲ. ಕರಾವಳಿಯವರಿಗೆ ಇದು ಚೆನ್ನಾಗಿ ಗೊತ್ತು. ಕಾಯಿ ತನ್ನ ಸುತ್ತಲಿನ ಗಾಳಿಯ ತೇವಕ್ಕೆ ಹೊಂದಿಕೊಂಡು ನಿಲ್ಲುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ಇನ್ನಷ್ಟು ದಿನ ಇಟ್ಟು ಪ್ರಯೋಜನವಿಲ್ಲ. ಅಂಥಲ್ಲಿ ಕೊನೆಯ ಹಂತವನ್ನು ಬಿಸಿಲು ಏರಿದ ಮಧ್ಯಾಹ್ನ ಕಾದ ತಗಡಿನ ಮೇಲೋ, ಮೇಲೆ ಗಾಜು ಹೊದಿಸಿ ಗಾಳಿಯಾಡಲು ಸಂದು ಬಿಟ್ಟ ಪೆಟ್ಟಿಗೆಯಲ್ಲೋ, ಇಲ್ಲವೇ ಸಣ್ಣ ಉರಿಯ ಬಾಣಲೆಯಲ್ಲೋ ಮುಗಿಸಿ, ಆರಿದ ಕೂಡಲೇ ಮುಚ್ಚಳ ಹಾಕಬೇಕು.

ಹಾಗೆಂದು ಅತಿಯಾಗಿ ಒಣಗಿಸುವುದೂ ನಷ್ಟವೇ. ಪುಡಿ ಮಾಡದ ಇಡೀ ಒಣಮೆಣಸಿನಕಾಯಿಯ ತೇವಕ್ಕೆ ಆಹಾರ ಸುರಕ್ಷತಾ ನಿಯಮದ ಮಿತಿ ಶೇ. 11. ಶೇ. 11ರಲ್ಲಿರುವ ಒಂದು ಕ್ವಿಂಟಾಲನ್ನು ಶೇ. 8ಕ್ಕೆ ಇಳಿಸಿದರೆ 96.7 ಕಿಲೋ ಆಗುತ್ತದೆ. ಮಾರುವ ರೈತನಿಗೆ ಮೂರು ಕಿಲೋ ಮೇಲ್ಪಟ್ಟು ತೂಕ ಹೋಯಿತು, ಜೊತೆಗೆ ಕಾಯಿ ಪುಡಿಪುಡಿಯಾಗಿ ಬೀಜ ಉದುರಿತು. ಸಂತೆಯಲ್ಲಿ ಒಣಕಾಯಿಯನ್ನೇ ಕೊಂಡು ತರುವವರು ಇದರ ತಿರುಗುಮುರುಗನ್ನು ಅನುಭವಿಸುತ್ತಾರೆ. ಮೆತ್ತಗಿರುವ, ಶೇ. 14 ತೇವದ ಹತ್ತು ಕಿಲೋ ತಂದು ಮನೆಯಲ್ಲಿ ಶೇ. 10ಕ್ಕೆ ಒಣಗಿಸಿದರೆ ಉಳಿಯುವುದು 9.56 ಕಿಲೋ. ಹೆಚ್ಚುಕಡಿಮೆ ಅರ್ಧ ಕಿಲೋ ನೀರಿಗೆ ಮೆಣಸಿನಕಾಯಿಯ ರೇಟು ಕೊಟ್ಟಂತಾಯಿತು. ಅಲ್ಲಾಡಿಸಿದಾಗ ಬೀಜ ಗಲಗಲ ಎನ್ನದ ಕಾಯಿ, ಹಿಡಿಯಲ್ಲಿ ಅದುಮಿ ಬಿಟ್ಟರೆ ಮುರಿಯದೆ ಮೆಲ್ಲಗೆ ಬಿಚ್ಚಿಕೊಳ್ಳುವ ಕಾಯಿ ಇಂಥದ್ದೇ.

ಮೆಂತ್ಯ ಸೊಪ್ಪಿನ ಮಾತು ಚಿಕ್ಕದು, ಆದರೆ ಆಘಾತ ದೊಡ್ಡದು. ಎಲೆಯಲ್ಲಿ ನೀರು ಶೇ. 86ರ ಹತ್ತಿರ. ಒಣಗಿದ ಎಲೆಯನ್ನು ಶೇ. 7ಕ್ಕೆ ತಂದರೆ ಅದು ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಸೂತ್ರದ ಪ್ರಕಾರ ಒಂದು ಕಿಲೋ ಎಲೆಗೆ 150 ಗ್ರಾಂ. ಇಲ್ಲಿಯವರೆಗೆ ಪರವಾಗಿಲ್ಲ ಅನ್ನಿಸಬಹುದು. ಆದರೆ ನಾವು ಕೊಳ್ಳುವುದು ಎಲೆಯನ್ನಲ್ಲ, ಕಟ್ಟನ್ನು. ಬೇರು, ಮಣ್ಣು, ದಂಟು ತೆಗೆದರೆ ಕಿಲೋದಲ್ಲಿ ಎಲೆ ಅರ್ಧ ಸಿಕ್ಕರೆ ಪುಣ್ಯ. 450 ಗ್ರಾಂ ಎಲೆ ಸಿಕ್ಕಿತೆಂದರೆ ಅದರ ಒಣಪದಾರ್ಥ 63 ಗ್ರಾಂ, ಒಣಗಿದ ತೂಕ 68 ಗ್ರಾಂ. ಅಂದರೆ ಕಟ್ಟಿನ ತೂಕದ ಹದಿನೈದರಲ್ಲಿ ಒಂದು ಪಾಲು. ವರ್ಷಕ್ಕೆ ಕಾಲು ಕಿಲೋ ಒಣ ಸೊಪ್ಪು ಬೇಕೆಂದರೆ ಮೂರುಮುಕ್ಕಾಲು ಕಿಲೋ ಕಟ್ಟುಗಳನ್ನು ಬಿಡಿಸಲು ಕೂರಬೇಕು. ಸೊಪ್ಪು ಅಗ್ಗವಾಗಿರುವ ಚಳಿಗಾಲದಲ್ಲಿ ಬಿಟ್ಟು ಬೇರೆ ಸಮಯದಲ್ಲಿ ಈ ಲೆಕ್ಕ ಗಿಟ್ಟುವುದಿಲ್ಲ.

ಸೊಪ್ಪಿನಲ್ಲಿ ಲೆಕ್ಕ ಕೆಡಿಸುವುದು ಮೇಲಿನ ನೀರು. ಮಾರುವವರು ಬಾಡದಿರಲಿ ಎಂದು ಚಿಮುಕಿಸುತ್ತಾರೆ, ನಾವು ಮಣ್ಣು ಹೋಗಲಿ ಎಂದು ತೊಳೆಯುತ್ತೇವೆ. ತೊಳೆದು ಕೊಡವಿ ತೂಗಿದ ಅರ್ಧ ಕಿಲೋದಲ್ಲಿ ನೂರು ಗ್ರಾಂ ಎಲೆಗೆ ಅಂಟಿದ ನೀರೇ ಇದ್ದರೆ, ಎಪ್ಪತ್ತೈದು ಗ್ರಾಂ ನಿರೀಕ್ಷಿಸಿ ಅರವತ್ತಕ್ಕೆ ಸಮಾಧಾನಪಡಬೇಕಾಗುತ್ತದೆ. ತೊಳೆದದ್ದನ್ನು ಬಟ್ಟೆಯ ಮೇಲೆ ಹರಡಿ, ಎಲೆಯ ಮೇಲಿನ ಹೊಳಪು ಹೋದ ಮೇಲೆ ತೂಗಬೇಕು. ಬಿಸಿಲೋ ನೆರಳೋ ಎನ್ನುವ ಚರ್ಚೆಗೂ ತೂಕಕ್ಕೂ ಸಂಬಂಧವಿಲ್ಲ. ನೇರ ಬಿಸಿಲಿಗೆ ಹಸಿರು ಕಂದುತ್ತದೆ, ಘಮ ಇಳಿಯುತ್ತದೆ. ಗಾಳಿಯಾಡುವ ನೆರಳಲ್ಲಿ ಅಥವಾ ಮೇಲೊಂದು ತೆಳು ಬಟ್ಟೆ ಹೊದಿಸಿ ಒಣಗಿಸಿದರೆ ಎರಡೂ ಉಳಿಯುತ್ತವೆ. ಒಣಗಿದ ತೂಕ ಎರಡರಲ್ಲೂ ಅದೇ. ಆದರೆ ಬಿಡಿಸಿದ ಸೊಪ್ಪನ್ನು ದಪ್ಪಗೆ ರಾಶಿ ಹಾಕಿ ರಾತ್ರಿ ಬಿಟ್ಟರೆ ಒಳಗೆ ಕಾವು ಹುಟ್ಟಿ ಎಲೆ ಹಳದಿಯಾಗುತ್ತದೆ. ಆಗ ಮಾತ್ರ ಒಣಪದಾರ್ಥವೂ ಸ್ವಲ್ಪ ಕರಗುತ್ತದೆ, ಏಕೆಂದರೆ ಕಿತ್ತ ಎಲೆ ಬದುಕಿರುವವರೆಗೆ ಉಸಿರಾಡುತ್ತ ತನ್ನ ಸಕ್ಕರೆಯನ್ನು ತಾನೇ ಸುಡುತ್ತಿರುತ್ತದೆ.

ಮಾವಿನ ಹೋಳಿನಲ್ಲಿ ಕತೆ ಬೇರೆ, ಇಲ್ಲಿ ಉಪ್ಪು ಮಧ್ಯೆ ಬರುತ್ತದೆ. ಏಪ್ರಿಲ್-ಮೇ ಗಾಳಿಮಳೆಗೆ ಉದುರಿದ ತೋತಾಪುರಿ ಕಾಯಿ ಹತ್ತು ಕಿಲೋ ಸಿಕ್ಕಿತು ಎನ್ನಿ. ಸಿಪ್ಪೆ, ಗೊರಟು ತೆಗೆದರೆ ಏಳು ಕಿಲೋ ಹೋಳು. ಗೊರಟು ದೊಡ್ಡದಿರುವ ನಾಟಿ ಕಾಯಿಯಾದರೆ ಇನ್ನೂ ಕಡಿಮೆ. ಮಾವಿನಕಾಯಿಯ ತಿರುಳಿನಲ್ಲಿ ನೀರು ಶೇ. 87ರಿಂದ 88, ಹಾಗಾಗಿ ಏಳು ಕಿಲೋದಲ್ಲಿ ಒಣಪದಾರ್ಥ ಸುಮಾರು 875 ಗ್ರಾಂ. ಶೇ. 10ಕ್ಕೆ ಒಣಗಿಸಿದರೆ 970 ಗ್ರಾಂ. ಉಪ್ಪಿಲ್ಲದ ಆಮ್‌ಚೂರಿಗೆ ಕಾಯಿಯ ತೂಕದ ಹತ್ತರಲ್ಲಿ ಒಂದು ಎನ್ನುವ ಬಾಯಿಲೆಕ್ಕ ಬಂದಿರುವುದು ಹೀಗೆ.

ಈಗ ಅದೇ ಏಳು ಕಿಲೋ ಹೋಳಿಗೆ ನೂರಕ್ಕೆ ಐದರಂತೆ 350 ಗ್ರಾಂ ಉಪ್ಪು ಬೆರೆಸಿ. ಉಪ್ಪು ಆವಿಯಾಗುವುದಿಲ್ಲ, ಅದೂ ಒಣಪದಾರ್ಥದ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. 875ಕ್ಕೆ 350 ಕೂಡಿಸಿದರೆ 1,225 ಗ್ರಾಂ, ಒಣಗಿದಾಗ 1.36 ಕಿಲೋ. ‘ಉಪ್ಪು ಹಾಕಿದರೆ ಹೋಳು ಜಾಸ್ತಿ ಬರುತ್ತದೆ’ ಎನ್ನುವವರು ನೋಡಿದ್ದು ಇದನ್ನೇ. ಬಂದ ಹೆಚ್ಚಳ ಮಾವಿನದ್ದಲ್ಲ. ಇನ್ನೂ ಗಮನಿಸಬೇಕಾದದ್ದು, ಹಸಿಯಲ್ಲಿ ಹದವಾಗಿದ್ದ ಶೇ. 5ರ ಉಪ್ಪು ಒಣಗಿದ ಹೋಳಿನಲ್ಲಿ ಶೇ. 26ಕ್ಕೆ ಏರಿರುತ್ತದೆ, ಅಂದರೆ ಕಾಲು ಭಾಗ ಉಪ್ಪೇ. ಸಾರಿಗೆ ಒಂದು ಹಿಡಿ ಹಾಕುವಾಗ ಬೇರೆ ಉಪ್ಪನ್ನು ಆ ಅಂದಾಜಿನಲ್ಲಿ ಕೈ ಬಿಗಿ ಮಾಡಬೇಕು.

ಉಪ್ಪು ಹಾಕಿದ ಮಾರನೆಯ ದಿನ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಅದನ್ನು ಚೆಲ್ಲಿದರೆ ಒಣಗುವುದು ಬೇಗ, ನಿಜ. ಆದರೆ ಅದು ಬರೀ ನೀರಲ್ಲ. ಮಾವಿನ ಹುಳಿ, ಸಕ್ಕರೆ, ಹಾಕಿದ ಉಪ್ಪಿನ ಒಂದು ಪಾಲು ಅದರೊಳಗೆ ಹೋಗಿರುತ್ತದೆ. ಒಣಪದಾರ್ಥ ಬದಲಾಗುವುದಿಲ್ಲ ಎಂಬ ನಮ್ಮ ನಿಯಮ ಇಲ್ಲಿ ಮುರಿಯುತ್ತದೆ, ಸೂತ್ರ ಹೇಳಿದ 1.36 ಕಿಲೋ ಬರುವುದಿಲ್ಲ. ತಿರುಗಿ ಅದೇ ರಸದಲ್ಲಿ ಹೋಳನ್ನು ಸಂಜೆ ಮುಳುಗಿಸಿ, ಬೆಳಿಗ್ಗೆ ತೆಗೆದು ಬಿಸಿಲಿಗೆ ಹಾಕುತ್ತ ರಸ ಮುಗಿಯುವವರೆಗೆ ಮಾಡುವ ಪದ್ಧತಿಯಲ್ಲಿ ಏನೂ ನಷ್ಟವಾಗದು, ದಿನ ಮಾತ್ರ ಹೆಚ್ಚು ಹಿಡಿಯುತ್ತದೆ.

ದಪ್ಪ ಹೋಳಿನ ಇನ್ನೊಂದು ತೊಂದರೆ: ಸುಡುವ ಬಿಸಿಲಿಗೆ ಹೊರಪದರ ಬೇಗ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿ ಕಟ್ಟಿಬಿಡುತ್ತದೆ. ಮುಟ್ಟಿದರೆ ಒಣಗಿದೆ, ತೂಗಿದರೆ ಗುರಿಗಿಂತ ಜಾಸ್ತಿ ಇದೆ. ಇಂಥದ್ದು ಬಂದಾಗ ನಾನು ತಕ್ಕಡಿಯನ್ನೇ ನಂಬುತ್ತೇನೆ. ಒಂದು ಹಿಡಿ ಹೋಳನ್ನು ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಗಾಜಿನ ಒಳಮೈ ಮಂಜಾಗಿದ್ದರೆ, ಅಥವಾ ನಿನ್ನೆ ಗಟ್ಟಿಯಿದ್ದ ಹೋಳು ಇಂದು ಬಾಗುತ್ತಿದ್ದರೆ, ಒಳಗಿನ ನೀರು ಹೊರಪದರಕ್ಕೆ ಹರಡಿಕೊಂಡಿದೆ. ಎಲ್ಲವನ್ನೂ ಮತ್ತೆ ಬಿಸಿಲಿಗೆ ಹಾಕಬೇಕು. ಮುಂದಿನ ಸಲ ಹೋಳು ಅರ್ಧ ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ಈ ಗೋಜಿಲ್ಲ.

ಉಪ್ಪಿನ ಹೋಳಿಗೆ ಒಂದು ಅನುಕೂಲವಿದೆ: ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಸಪ್ಪೆ ಹೋಳು ಬೂಷ್ಟು ಹಿಡಿಯುವಷ್ಟು ತೇವದಲ್ಲೂ ಅದು ಕೆಡದೆ ಇರಬಲ್ಲದು. ಅನಾನುಕೂಲವೂ ಅದರಿಂದಲೇ. ಮಳೆಗಾಲದಲ್ಲಿ ಗಾಳಿಯ ತೇವ ಶೇ. 75 ದಾಟಿದರೆ ಉಪ್ಪು ತಾನಾಗಿ ನೀರೆಳೆದುಕೊಳ್ಳುತ್ತದೆ. ಮುಚ್ಚಳ ಸಡಿಲವಾಗಿದ್ದ ಡಬ್ಬದಲ್ಲಿ ಹೋಳು ಒದ್ದೆಯಾಗುವುದು ಹೀಗೆ.

ಮಳೆಗಾಲಕ್ಕೆ ತೂಕವನ್ನೇ ಕಾವಲಿಗಿಡಬಹುದು. ತುಂಬುವ ದಿನ ಒಂದು ಪೊಟ್ಟಣವನ್ನು ಸರಿಯಾಗಿ 500 ಗ್ರಾಂ ಮಾಡಿ, ತೂಕ ಮತ್ತು ತಾರೀಖು ಬರೆದು ಉಳಿದವುಗಳ ಜೊತೆ ಅದೇ ಡಬ್ಬದಲ್ಲಿಡಿ. ಶೇ. 10 ತೇವದ ಮೆಣಸಿನಕಾಯಿಯಾದರೆ ಅದರಲ್ಲಿ ಒಣಪದಾರ್ಥ 450 ಗ್ರಾಂ. ಆಗಸ್ಟಿನಲ್ಲಿ ತೂಗಿದಾಗ 505 ಇದ್ದರೆ ತೇವ ಶೇ. 11 ಮುಟ್ಟಿಲ್ಲ, ನಿಶ್ಚಿಂತೆ. 515 ಇದ್ದರೆ ಶೇ. 12.6, ಮುಚ್ಚಳ ಬದಲಿಸಿ, ಮೊದಲ ಬಿಸಿಲು ಬಂದ ದಿನ ಹರಡಬೇಕು. 530 ಇದ್ದರೆ ಶೇ. 15, ಆಗ ಕಾಯಿಯನ್ನು ಒಡೆದು ಒಳಗೆ ಬಿಳಿ ಅಥವಾ ಕಪ್ಪು ಬೂಷ್ಟು ಇದೆಯೇ ಎಂದು ನೋಡಿ. ಇದ್ದರೆ ಆ ಕಾಯಿಗಳನ್ನು ಬಿಸಾಡುವುದೇ ಸರಿ, ಏಕೆಂದರೆ ಬೂಷ್ಟು ಬಿಟ್ಟುಹೋಗುವ ಅಫ್ಲಾಟಾಕ್ಸಿನ್ ಎಂಬ ವಿಷ ಬಿಸಿಲಿಗೂ ಒಗ್ಗರಣೆಗೂ ಹೋಗುವುದಿಲ್ಲ. ಇಲ್ಲದಿದ್ದರೆ ಪೊಟ್ಟಣ ಮತ್ತೆ 500 ಗ್ರಾಂಗೆ ಇಳಿಯುವವರೆಗೆ ಒಣಗಿಸಿ.